ಮನೆಯಿಂದ ಕಚೇರಿಗೆ ಒಂದು ಸುರಂಗ

(ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ತಮ್ಮ ತಮ್ಮ ಮನೆಗಳಿಂದ ಕೆಲಸ ಮಾಡುವ ನೌಕರರಿಗಾಗಿ ಬಾಗಲಕೋಟೆಯಲ್ಲಿ ನಡೆದ ತರಬೇತಿಯಲ್ಲಿ ಲೇಖಕರು ಮಾಡಿದ ಭಾಷಣದ ಲಿಖಿತರೂಪವಿದು. ವಿದ್ಯಾರ್ಥಿಗಳಿಗೆ ಅನುಕೂಲವಾಗಲೆಂದು ಲೆಕ್ಕದ ಭಾಗವನ್ನು ಸ್ವಲ್ಪ ವಿಸ್ತರಿಸಿದೆ.)



2020ನೆಯ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಮುಚ್ಚಿಕೊಂಡಾಗ ಬೆಂಗಳೂರಿನ ಕಚೇರಿಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ತರುಣ ತರುಣಿಯರು ಅನೇಕರು ಊರಿಗೆ ಮರಳಿದರು. ಪಡಸಾಲೆಯ ಮೂಲೆಯೇ ಕಚೇರಿಯಾಯಿತು. ಒಂದು ಕಡೆ ಮಗ್ಗದ ಸದ್ದು, ಇನ್ನೊಂದು ಕಡೆ ಲ್ಯಾಪ್‌ಟಾಪಿನ ಮುಂದೆ ಕುಳಿತ ಮಗ: ಇಳಕಲ್ಲಿನಲ್ಲಿ ಇದು ಅಪರೂಪದ ನೋಟವಾಗಿ ಉಳಿಯಲಿಲ್ಲ. ರೋಗದ ಕಾಲ ಕಳೆದರೂ ಆ ರೂಢಿ ಪೂರ್ತಿಯಾಗಿ ಹೋಗಲಿಲ್ಲ. ತಮ್ಮಲ್ಲಿ ಕೆಲವರು ಇಂದಿಗೂ ವಾರದಲ್ಲಿ ಎರಡು ಮೂರು ದಿನ ಮನೆಯಿಂದಲೇ ಕಚೇರಿಯ ಕಡತಗಳನ್ನು ತೆರೆಯುತ್ತೀರಿ. ಹಾಗೆ ತೆರೆಯುವ ಮುನ್ನ ‘ವಿ.ಪಿ.ಎನ್. ಹಾಕಿಕೊಳ್ಳಿ’ ಎಂಬ ಅಪ್ಪಣೆ ಇದೆ. ಆ ಗುಂಡಿಯನ್ನು ಒತ್ತಿದಾಗ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ನೋಡುವುದು ಇಂದಿನ ನನ್ನ ಉದ್ದೇಶ. ಹೆಚ್ಚು ಕೇಡು ಆಗುವುದು ಆ ‘ನಡೆಯುವುದಿಲ್ಲ’ ಎಂಬ ಭಾಗದಲ್ಲಿಯೇ. ಆದುದರಿಂದ ನನ್ನ ಮಾತು ಅತ್ತ ಕಡೆಗೇ ಹೆಚ್ಚು ವಾಲಿದರೆ ಕ್ಷಮಿಸಬೇಕು.

ವಿ.ಪಿ.ಎನ್. ಎಂದರೆ ವರ್ಚುಯಲ್ ಪ್ರೈವೇಟ್ ನೆಟ್‌ವರ್ಕ್. ಸಾರ್ವಜನಿಕ ಹಾದಿಯಲ್ಲಿಯೇ ಕಲ್ಪಿಸಿಕೊಂಡ ಖಾಸಗಿ ಹಾದಿ ಎಂದು ಅದರ ಅರ್ಥ. ಇಳಕಲ್ಲಿನ ಮನೆಯಿಂದ ಬಾಗಲಕೋಟೆಯ ನವನಗರದ ಕಚೇರಿಗೆ ನೀವು ಒಂದು ಕಡತವನ್ನು ಕಳುಹಿಸುತ್ತೀರಿ ಎನ್ನೋಣ. ನೀವೇ ಬಸ್ಸು ಹತ್ತಿದರೆ ಹುನಗುಂದ, ಅಮೀನಗಡಗಳ ಮೇಲೆ ಹಾದು ಹೋಗುತ್ತೀರಿ. ಕಡತ ಹಾಗೆ ಹೋಗುವುದಿಲ್ಲ. ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಅನೇಕ ವೇಳೆ ಬೆಂಗಳೂರಿಗೋ ಮುಂಬಯಿಗೋ ಹೋಗಿ, ಅಲ್ಲಿಂದ ಹಿಂದಿರುಗಿ ಬಾಗಲಕೋಟೆಯನ್ನು ಮುಟ್ಟುತ್ತದೆ. ನಡುವೆ ಎಷ್ಟೋ ಯಂತ್ರಗಳು ಆ ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಪ್ರತಿಯೊಂದು ಪೊಟ್ಟಣದ ಮೇಲೆ ಕಳುಹಿಸಿದವರ ವಿಳಾಸ, ಸೇರಬೇಕಾದವರ ವಿಳಾಸ ಎರಡೂ ಬರೆದಿರುತ್ತವೆ. ಒಳಗಿನದು ಕಾರ್ಡಿನಂತೆ ತೆರೆದಿದ್ದರೆ ದಾಟಿಸುವವರೆಲ್ಲರೂ ಓದಬಹುದು.

ಅಂಚೆಯವರು ಇದಕ್ಕೆ ಹಿಂದಿನಿಂದಲೂ ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಒಂದು ಊರಿಗೆ ಹೋಗಬೇಕಾದ ಪತ್ರಗಳನ್ನೆಲ್ಲ ಒಂದು ಚೀಲದಲ್ಲಿ ತುಂಬಿ, ಬಾಯಿಗೆ ಹುರಿ ಬಿಗಿದು, ಅರಗಿನ ಮುದ್ರೆ ಒತ್ತಿ, ಹೊರಗೆ ಒಂದೇ ಚೀಟಿಯನ್ನು ಕಟ್ಟುತ್ತಿದ್ದರು. ಹಾದಿಯಲ್ಲಿ ಚೀಲವನ್ನು ಹೊತ್ತವನಿಗೆ ಆ ಚೀಟಿಯಷ್ಟೇ ಕಾಣುತ್ತದೆ. ಒಳಗಿನ ಪತ್ರ ಯಾರಿಂದ ಯಾರಿಗೆ ಎಂಬುದು ಚೀಲ ಬಿಚ್ಚಿದ ಮೇಲೆಯೇ ತಿಳಿಯುವುದು. ವಿ.ಪಿ.ಎನ್. ಮಾಡುವುದು ಇದನ್ನೇ. ನಿಮ್ಮ ಲ್ಯಾಪ್‌ಟಾಪ್ ಒಂದು ಪೊಟ್ಟಣವನ್ನು ವಿಳಾಸಸಹಿತವಾಗಿ ಗೂಢಲಿಪಿಗೆ ತಿರುಗಿಸುತ್ತದೆ. ಅದನ್ನು ಇನ್ನೊಂದು ಪೊಟ್ಟಣದೊಳಗೆ ಇಡುತ್ತದೆ. ಹೊರಗಿನ ಪೊಟ್ಟಣದ ಮೇಲೆ ಸೇರಬೇಕಾದ ವಿಳಾಸವೆಂದು ಕಚೇರಿಯ ವಿ.ಪಿ.ಎನ್. ದ್ವಾರದ ವಿಳಾಸವೊಂದನ್ನೇ ಬರೆಯುತ್ತದೆ. ದ್ವಾರದಲ್ಲಿರುವ ಯಂತ್ರ ಹೊರಚೀಲವನ್ನು ಬಿಚ್ಚಿ, ಒಳಗಿನದನ್ನು ಓದಿ, ಅದು ಸೇರಬೇಕಾದ ಮೇಜಿಗೆ ಸೇರಿಸುತ್ತದೆ. ಪೊಟ್ಟಣದೊಳಗೆ ಪೊಟ್ಟಣವನ್ನು ಇಡಬೇಕಾದುದರಿಂದ ಒಳಗಿನದು ಸ್ವಲ್ಪ ಚಿಕ್ಕದಾಗಿರಬೇಕು. ಸಾಧಾರಣವಾಗಿ ಪೊಟ್ಟಣವೊಂದರ ಗರಿಷ್ಠ ಗಾತ್ರ 1500 ಬೈಟುಗಳು. ‘ವೈರ್‌ಗಾರ್ಡ್’ ಎಂಬ ವಿ.ಪಿ.ಎನ್. ಪದ್ಧತಿಯಲ್ಲಿ ಒಳಗಿನದಕ್ಕೆ ವಾಡಿಕೆಯಾಗಿ 1420 ಬೈಟುಗಳನ್ನು ಬಿಟ್ಟು ಉಳಿದುದನ್ನು ಹೊರಹೊದಿಕೆಗೆಂದು ಮೀಸಲಿಡುತ್ತಾರೆ.

ಹೀಗಾಗಿ ನಿಮಗೆ ಇಂಟರ್‌ನೆಟ್ ಒದಗಿಸುವ ಸಂಸ್ಥೆಗೆ ಏನು ಕಾಣುತ್ತದೆ? ಇಳಕಲ್ಲಿನ ಈ ಮನೆಗೂ ಬಾಗಲಕೋಟೆಯ ಆ ದ್ವಾರಕ್ಕೂ ಬೆಳಗಿನ ಹತ್ತು ಗಂಟೆಯಿಂದ ಚೀಲಗಳು ಓಡಾಡುತ್ತಿವೆ, ಇಷ್ಟು ಗಾತ್ರದವು, ಇಷ್ಟು ಸಂಖ್ಯೆಯವು ಎಂದು ಕಾಣುತ್ತದೆ. ಒಳಗೆ ಸಂಬಳದ ಪಟ್ಟಿ ಇದೆಯೋ ಸಾಲದ ಖಾತೆ ಇದೆಯೋ ಕಾಣುವುದಿಲ್ಲ. ಇಷ್ಟೇ ವಿ.ಪಿ.ಎನ್. ಕೊಡುವ ರಕ್ಷಣೆ. ಇದು ಸಣ್ಣದಲ್ಲ. ಆದರೆ ಇದು ಹಾದಿಗೆ ಮಾತ್ರ ಸಂಬಂಧಿಸಿದ್ದು, ಹಾದಿಯ ಎರಡು ತುದಿಗಳಿಗೆ ಅಲ್ಲ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಬೇಕು.

ಇಲ್ಲಿ ಬುದ್ಧಿವಂತನಾದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳುತ್ತಾನೆ. ಚೀಲಕ್ಕೆ ಬೀಗ ಹಾಕಬೇಕಾದರೆ ಎರಡು ತುದಿಗಳಲ್ಲಿಯೂ ಒಂದೇ ಕೀಲಿ ಇರಬೇಕಷ್ಟೆ. ಆ ಕೀಲಿಯನ್ನು ಎಲ್ಲರೂ ನೋಡುತ್ತಿರುವ ಹಾದಿಯಲ್ಲಿ ಕಳುಹಿಸುವುದೆಂತು? 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಕೀಲಿಯನ್ನು ಕಳುಹಿಸುವುದೇ ಇಲ್ಲ; ಎರಡು ಕಡೆಯೂ ಬೇರೆ ಬೇರೆಯಾಗಿ ಅದೇ ಕೀಲಿಯನ್ನು ತಯಾರಿಸುತ್ತಾರೆ.

ಸಣ್ಣ ಅಂಕಿಗಳಲ್ಲಿ ಇದನ್ನು ಮಾಡಿ ನೋಡಬಹುದು. 3 ಮತ್ತು 17 ಎಂಬ ಎರಡು ಸಂಖ್ಯೆಗಳು ಎಲ್ಲರಿಗೂ ತಿಳಿದಿರಲಿ. ನಿಮ್ಮ ಲ್ಯಾಪ್‌ಟಾಪ್ ಮನಸ್ಸಿನಲ್ಲಿ 4 ಎಂಬ ಗುಟ್ಟಿನ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. 3ನ್ನು ನಾಲ್ಕು ಸಲ ಗುಣಿಸಿದರೆ 81. ಅದನ್ನು 17ರಿಂದ ಭಾಗಿಸಿದರೆ ಉಳಿಯುವ ಶೇಷ 13. ಈ 13ನ್ನು ಬಹಿರಂಗವಾಗಿ ಕಳುಹಿಸುತ್ತದೆ. ಕಚೇರಿಯ ದ್ವಾರದ ಗುಟ್ಟಿನ ಸಂಖ್ಯೆ 3. 3ನ್ನು ಮೂರು ಸಲ ಗುಣಿಸಿದರೆ 27, ಶೇಷ 10. ಅದು 10ನ್ನು ಕಳುಹಿಸುತ್ತದೆ. ಈಗ ನೀವು ಬಂದ 10ನ್ನು ನಾಲ್ಕು ಸಲ ಗುಣಿಸಿ: 10000, ಶೇಷ 4. ಕಚೇರಿ ತನಗೆ ಬಂದ 13ನ್ನು ಮೂರು ಸಲ ಗುಣಿಸುತ್ತದೆ: 2197, ಶೇಷ 4. ಇಬ್ಬರಿಗೂ 4 ದೊರೆಯಿತು, ಅದೇ ಕೀಲಿ. ಹಾದಿಯಲ್ಲಿ ಕಾದು ಕುಳಿತವನು 3, 17, 13, 10 ಇವನ್ನೆಲ್ಲ ಕಂಡಿದ್ದಾನೆ, ಆದರೆ ಗುಟ್ಟಿನ ಸಂಖ್ಯೆಗಳನ್ನು ಕಂಡಿಲ್ಲ. ಇಷ್ಟು ಸಣ್ಣ ಅಂಕಿಗಳಾದರೆ ಅವನು ಒಂದೊಂದನ್ನೇ ಹಾಕಿ ನೋಡಿ ಪತ್ತೆಹಚ್ಚುವನು. ನಿಜವಾದ ಬಳಕೆಯಲ್ಲಿ 17ರ ಸ್ಥಾನದಲ್ಲಿ ನೂರಾರು ಅಂಕೆಗಳ ಉದ್ದದ ಸಂಖ್ಯೆ ಇರುವುದರಿಂದ ಹಾಗೆ ಹಾಕಿ ನೋಡಿ ಮುಗಿಸುವುದು ಸಾಧ್ಯವಾಗದು.

ಲೆಕ್ಕ ಸುಂದರವಾದುದು. ಆದರೂ ಅದರಲ್ಲಿ ಒಂದು ಕೊರತೆ ಇದೆ. ನಾನು ಒಬ್ಬರೊಡನೆ ಗುಟ್ಟಾಗಿ ಮಾತನಾಡುತ್ತಿದ್ದೇನೆಂದು ಲೆಕ್ಕ ಹೇಳುತ್ತದೆ. ಆ ಒಬ್ಬರು ಯಾರೆಂದು ಹೇಳುವುದಿಲ್ಲ. ನಡುಹಾದಿಯಲ್ಲಿ ಒಬ್ಬ ವಂಚಕ ಕುಳಿತು ನಿಮ್ಮೊಡನೆ ಒಂದು ಲೆಕ್ಕ, ಕಚೇರಿಯೊಡನೆ ಇನ್ನೊಂದು ಲೆಕ್ಕ ಮಾಡಿದರೆ ಇಬ್ಬರಿಗೂ ಸಂದೇಹ ಬಾರದು. ಅದಕ್ಕಾಗಿ ಕಚೇರಿಯ ದ್ವಾರ ತನ್ನ ಗುರುತುಪತ್ರವನ್ನು ತೋರಿಸಬೇಕು, ನೀವು ನಿಮ್ಮ ಗುರುತನ್ನು ತೋರಿಸಬೇಕು. ಕೆಲವೊಮ್ಮೆ ಪರದೆಯ ಮೇಲೆ ‘ಈ ಸರ್ಟಿಫಿಕೇಟನ್ನು ನಂಬಲಾಗದು, ಮುಂದುವರಿಯಬೇಕೆ?’ ಎಂಬ ಎಚ್ಚರಿಕೆ ಬರುತ್ತದೆ. ಅವಸರದಲ್ಲಿ ನಾವು ‘ಹೌದು’ ಎಂದು ಒತ್ತಿ ಮುಂದಕ್ಕೆ ಹೋಗುತ್ತೇವೆ. ಆ ಒಂದು ಒತ್ತಿನಿಂದ ಮೇಲಿನ ಲೆಕ್ಕವೆಲ್ಲ ವ್ಯರ್ಥವಾದಂತೆ. ಅದು ಯಂತ್ರದ ಹಠವಲ್ಲ. ಎದುರಿಗಿರುವವರು ಯಾರೆಂದು ತನಗೆ ಗೊತ್ತಿಲ್ಲವೆಂದು ಅದು ಪ್ರಾಮಾಣಿಕವಾಗಿ ಹೇಳುತ್ತಿದೆ. ಅಲ್ಲಿ ನಿಂತು, ಕಚೇರಿಗೆ ಫೋನು ಮಾಡಿ ಕೇಳುವುದೊಂದೇ ಸರಿಯಾದ ಕ್ರಮ.

ಇಳಕಲ್ ಸೀರೆಯನ್ನು ನೇಯುವವರು ಈ ಮಾತನ್ನು ಬೇಗ ಅರಿತುಕೊಳ್ಳುವರೆಂದು ನನಗೆ ತೋರುತ್ತದೆ. ಅಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಎಳೆ ಎಷ್ಟೇ ಗಟ್ಟಿಯಾಗಿದ್ದರೂ ನೋಡಬೇಕಾದುದು ಆ ಕೂಡುವ ಸ್ಥಳವನ್ನು. ವಿ.ಪಿ.ಎನ್.ನಲ್ಲಿಯೂ ಗೂಢಲಿಪಿಯನ್ನು ಒಡೆಯಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಳ್ಳರು ಬರುವುದು ಕೊಂಡಿಯ ಬಳಿಗೆ, ಅಂದರೆ ನೀವು ಹೆಸರು, ಪಾಸ್‌ವರ್ಡು ಬರೆಯುವ ಬಾಗಿಲಿನ ಬಳಿಗೆ.

ಇದಕ್ಕೆ ಒಂದು ನಡೆದ ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಊರು ದೂರದ್ದು, ಆದರೆ ಕ್ರಮ ನಾಳೆ ನಮ್ಮ ಮನೆಯಲ್ಲಿ ನಡೆಯಬಹುದಾದುದೇ.

2020ರ ಜುಲೈ ತಿಂಗಳು. ಈಗ ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರ್ ಸಂಸ್ಥೆಯ ನೌಕರರು ಆ ವರ್ಷದ ಮಾರ್ಚಿನಿಂದ ಮನೆಯಲ್ಲಿ ಕುಳಿತು ಕೆಲಸ ಮಾಡುತ್ತಿದ್ದರು. ಎಲ್ಲರೂ ಒಮ್ಮೆಲೇ ಮನೆಗೆ ಹೋದುದರಿಂದ ವಿ.ಪಿ.ಎನ್. ಆಗಾಗ ತೊಂದರೆ ಕೊಡುತ್ತಿತ್ತು. ಸಹಾಯ ವಿಭಾಗದಿಂದ ಫೋನು ಬರುವುದೂ ಸಹಜವಾಗಿತ್ತು. ಜುಲೈ 14ರಂದು ಕೆಲವು ನೌಕರರಿಗೆ ಫೋನು ಬಂದಿತು. ‘ನಾವು ಐ.ಟಿ. ಸಹಾಯ ವಿಭಾಗದವರು, ನಿಮ್ಮ ವಿ.ಪಿ.ಎನ್. ತೊಂದರೆಯ ದೂರು ಬಂದಿದೆ, ಸರಿಪಡಿಸುತ್ತೇವೆ’ ಎಂಬುದು ಮಾತಿನ ಸಾರ. ಕರೆದವನಿಗೆ ನೌಕರನ ವಿಷಯವಾಗಿ ಕೆಲವು ನಿಜವಾದ ವಿವರಗಳೂ ತಿಳಿದಿದ್ದುವು. ಅನಂತರ ಅವನು ಒಂದು ವಿಳಾಸವನ್ನು ಹೇಳಿ, ಅಲ್ಲಿ ಹೋಗಿ ಪ್ರವೇಶಿಸುವಂತೆ ತಿಳಿಸಿದನು. ತೆರೆದ ಪುಟ ಸಂಸ್ಥೆಯ ವಿ.ಪಿ.ಎನ್. ಪುಟದಂತೆಯೇ ಇತ್ತು. ಹೆಸರೂ ಬಹುಮಟ್ಟಿಗೆ ಅದೇ, ಸ್ವಲ್ಪವೇ ವ್ಯತ್ಯಾಸ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಗಮನಿಸಬೇಕು. ನೌಕರನು ಸುಳ್ಳು ಪುಟದಲ್ಲಿ ಹೆಸರು, ಪಾಸ್‌ವರ್ಡು ಬರೆದ ಕ್ಷಣದಲ್ಲಿಯೇ ವಂಚಕರು ಅವನ್ನು ನಿಜವಾದ ಪುಟದಲ್ಲಿ ತುಂಬಿದರು. ನಿಜವಾದ ಪುಟ ತನ್ನ ಕರ್ತವ್ಯದಂತೆ ಎರಡನೆಯ ಪರೀಕ್ಷೆಯನ್ನು ಮುಂದಿಟ್ಟು, ‘ಪ್ರವೇಶಿಸುತ್ತಿರುವುದು ನೀವೇ ತಾನೆ?’ ಎಂದು ನೌಕರನನ್ನು ಕೇಳಿತು. ನೌಕರನು ತಾನು ಈಗತಾನೆ ಪ್ರವೇಶಿಸುತ್ತಿರುವವನಾದುದರಿಂದ ಆ ಪ್ರಶ್ನೆ ಅವನಿಗೆ ಸಹಜವಾಗಿಯೇ ತೋರಿತು. ಕೆಲವರು ‘ಹೌದು’ ಎಂದರು. ಬಾಗಿಲು ತೆರೆಯಿತು, ಆದರೆ ಒಳಗೆ ಹೋದವರು ಬೇರೆಯವರು. ಮೊದಲು ಸಿಕ್ಕಿದ ನೌಕರರಿಗೆ ಖಾತೆಗಳನ್ನು ಬದಲಾಯಿಸುವ ಅಧಿಕಾರವಿರಲಿಲ್ಲ. ವಂಚಕರು ಒಳಗೆ ಸುತ್ತಾಡಿ, ಯಾರಿಗೆ ಆ ಅಧಿಕಾರವಿದೆಯೆಂದು ಕಲಿತು, ಅವರಿಗೆ ಫೋನು ಮಾಡಿದರು. ಮರುದಿನ, ಜುಲೈ 15ರಂದು, ಒಬಾಮಾ, ಬಿಲ್ ಗೇಟ್ಸ್ ಮೊದಲಾದವರ ಖಾತೆಗಳಿಂದ ‘ನಮಗೆ ಬಿಟ್‌ಕಾಯಿನ್ ಕಳುಹಿಸಿ, ಎರಡರಷ್ಟು ಹಿಂದಿರುಗಿಸುತ್ತೇವೆ’ ಎಂಬ ಸಂದೇಶಗಳು ಹೊರಟವು. ವಂಚಕರು ಕೈಯಿಟ್ಟ ಖಾತೆಗಳು 130. ಸಂದೇಶ ಹೊರಟದ್ದು 45ರಿಂದ. ಜನ ಕಳೆದುಕೊಂಡ ಹಣ 1,18,000 ಡಾಲರುಗಳಿಗೂ ಹೆಚ್ಚು. ಇದನ್ನು ನಡೆಸಿದವರ ಮುಂದಾಳು ಫ್ಲಾರಿಡಾದ 17 ವರ್ಷದ ಹುಡುಗ. ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆ ವಿಚಾರಣೆ ನಡೆಸಿ ಅದೇ ವರ್ಷದ ಅಕ್ಟೋಬರಿನಲ್ಲಿ ವರದಿಯನ್ನು ಹೊರಡಿಸಿತು. ಮೇಲಿನ ಕ್ರಮ ನಮಗೆ ತಿಳಿದುಬಂದುದು ಅದರಿಂದ.

ಈ ಪ್ರಸಂಗದಲ್ಲಿ ಯಾವ ಗೂಢಲಿಪಿಯೂ ಒಡೆಯಲಿಲ್ಲ. ಸುರಂಗ ಗಟ್ಟಿಯಾಗಿಯೇ ಇತ್ತು. ವಂಚಕರು ಅದರೊಳಗೇ ಸುಖವಾಗಿ ನಡೆದು ಹೋದರು. ಎರಡನೆಯ ಪರೀಕ್ಷೆಯೂ ಕೆಲಸಕ್ಕೆ ಬಾರಲಿಲ್ಲವೇಕೆ? ಮೊಬೈಲಿಗೆ ಬರುವ ಓ.ಟಿ.ಪಿ.ಯಾಗಲಿ, ‘ಹೌದು’ ಎಂದು ಒತ್ತುವ ಗುಂಡಿಯಾಗಲಿ, ತಾನು ಯಾವ ಪುಟಕ್ಕೆ ಸೇರುತ್ತಿದ್ದೇನೆಂದು ಅರಿಯದು. ಆರು ಅಂಕಿಗಳನ್ನು ಸುಳ್ಳು ಪುಟದಲ್ಲಿ ಬರೆದರೂ ಅವು ಅದೇ ಆರು ಅಂಕಿಗಳು. ವಂಚಕನು ಅರ್ಧ ನಿಮಿಷದೊಳಗೆ ಅವನ್ನು ನಿಜವಾದ ಪುಟಕ್ಕೆ ಸಾಗಿಸಬಲ್ಲನು.

ಈ ಕೊರತೆಯನ್ನು ನೀಗುವ ಸಾಧನವೊಂದಿದೆ. ಅದನ್ನು ಸೆಕ್ಯುರಿಟಿ ಕೀ ಎನ್ನುತ್ತಾರೆ. ಹೆಬ್ಬೆರಳಿನ ಗಾತ್ರದ ವಸ್ತು, ಲ್ಯಾಪ್‌ಟಾಪಿನ ಯು.ಎಸ್.ಬಿ. ಕಿಂಡಿಯಲ್ಲಿ ಸಿಕ್ಕಿಸತಕ್ಕದ್ದು. ನೋಂದಾಯಿಸುವಾಗ ಅದು ಪುಟದ ಹೆಸರಿಗೆ ಅಂಟಿದಂತೆ ಒಂದು ಗುಟ್ಟನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮುಂದೆ ಪುಟವು ಸವಾಲು ಹಾಕಿದಾಗ, ಅದು ನಿಜವಾಗಿ ಯಾವ ಹೆಸರಿನ ಪುಟ ಎಂಬುದನ್ನು ಬ್ರೌಸರು ಕೀಲಿಗೆ ತಿಳಿಸುತ್ತದೆ. ಒಂದಕ್ಷರ ಬೇರೆಯಾದರೂ ಆ ಹೆಸರಿಗೆ ಗುಟ್ಟು ಇಲ್ಲವಾದುದರಿಂದ ಕೀಲಿ ಸುಮ್ಮನಿರುತ್ತದೆ. ಮನುಷ್ಯನ ಕಣ್ಣು ಮೋಸಹೋಗುವ ಸ್ಥಳದಲ್ಲಿ ಅದು ಮೋಸಹೋಗುವುದಿಲ್ಲ. ಟ್ವಿಟರ್ ಸಂಸ್ಥೆ ಅನಂತರ ತನ್ನ ನೌಕರರಿಗೆ ಇಂಥ ಕೀಲಿಗಳನ್ನೇ ಹಂಚಿತು. ನಿಮ್ಮ ಕಚೇರಿ ಕೊಟ್ಟರೆ ಬೇಸರಿಸದೆ ಬಳಸಿ, ಕೊಡದಿದ್ದರೆ ಕೇಳಿ.

ಅದು ದೊರೆಯುವವರೆಗೆ ಒಂದೇ ರೂಢಿ ಸಾಕು. ಯಾರಾದರೂ ಫೋನಿನಲ್ಲಿ ‘ವಿ.ಪಿ.ಎನ್. ಸರಿಮಾಡುತ್ತೇನೆ’ ಎಂದರೆ, ಕರೆಯನ್ನು ಮುಗಿಸಿ, ನಿಮ್ಮಲ್ಲಿ ಮೊದಲೇ ಬರೆದಿಟ್ಟುಕೊಂಡ ಕಚೇರಿಯ ಸಂಖ್ಯೆಗೆ ನೀವೇ ಕರೆ ಮಾಡಿರಿ. ವಿ.ಪಿ.ಎನ್. ಪುಟವನ್ನು ಯಾರೋ ಹೇಳಿದ ವಿಳಾಸದಿಂದ ತೆರೆಯಕೂಡದು; ಕಚೇರಿಯವರು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ ಗುರುತಿನಿಂದಲೇ ತೆರೆಯತಕ್ಕದ್ದು. ಕರೆದವನು ನಿಜವಾಗಿಯೂ ನಿಮ್ಮ ಐ.ಟಿ. ವಿಭಾಗದ ತಮ್ಮನೇ ಆಗಿದ್ದರೆ, ನೀವು ತಿರುಗಿ ಕರೆದುದಕ್ಕೆ ಅವನು ಸಿಟ್ಟಾಗುವುದಿಲ್ಲ. ಸಿಟ್ಟಾದರೆ, ಅವಸರ ಮಾಡಿದರೆ, ‘ಸಾಹೇಬರು ಕಾಯುತ್ತಿದ್ದಾರೆ’ ಎಂದು ಹೆದರಿಸಿದರೆ, ಅದೇ ನಿಮಗೆ ಬೇಕಾದ ಗುರುತು.

ಪಾಸ್‌ವರ್ಡಿನ ವಿಷಯದಲ್ಲಿ ಇನ್ನೊಂದು ಉದಾಹರಣೆಯನ್ನು ಬೇಗನೆ ಹೇಳಿ ಮುಂದುವರಿಯುತ್ತೇನೆ. 2021ರ ಮೇ 7ರಂದು ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಎಂಬ ಸಂಸ್ಥೆ ತನ್ನ ಇಂಧನದ ಕೊಳವೆಮಾರ್ಗವನ್ನೇ ನಿಲ್ಲಿಸಬೇಕಾಯಿತು. ಆ ದೇಶದ ಪೂರ್ವ ಕರಾವಳಿಯಲ್ಲಿ ಪೆಟ್ರೋಲಿಗೆ ಸಾಲು ನಿಂತಿತು. ವಂಚಕರು ಏಪ್ರಿಲ್ 29ರಂದೇ ಒಳಹೊಕ್ಕಿದ್ದರು. ಹೊಕ್ಕದ್ದು ಯಾರೂ ಬಳಸದೆ ಬಿಟ್ಟಿದ್ದ, ಆದರೆ ಮುಚ್ಚದೆ ಉಳಿದಿದ್ದ ಹಳೆಯ ವಿ.ಪಿ.ಎನ್. ಖಾತೆಯಿಂದ. ಅದಕ್ಕೆ ಪಾಸ್‌ವರ್ಡಿನ ಹೊರತು ಎರಡನೆಯ ಪರೀಕ್ಷೆ ಇರಲಿಲ್ಲ. ಆ ಪಾಸ್‌ವರ್ಡು ಸರಳವಾದುದೇನೂ ಅಲ್ಲವೆಂದು ಸಂಸ್ಥೆಯ ಮುಖ್ಯಸ್ಥರು ಸೆನೆಟಿನ ಮುಂದೆ ಹೇಳಿದರು. ಅದು ನಿಜವಿರಬಹುದು. ಆದರೆ ಅದೇ ಪಾಸ್‌ವರ್ಡು ಬೇರೆಡೆಯಿಂದ ಸೋರಿದ ಪಟ್ಟಿಯೊಂದರಲ್ಲಿ ಇತ್ತೆಂದು ತನಿಖೆಯವರು ಕಂಡುಕೊಂಡರು. ಕಚೇರಿಯ ಬಾಗಿಲಿನ ಪಾಸ್‌ವರ್ಡನ್ನು ಸೀರೆ ಕೊಳ್ಳುವ ಅಂಗಡಿಯ ಖಾತೆಗೂ ಬಳಸಿದರೆ, ಅಂಗಡಿಯ ಪಟ್ಟಿ ಸೋರಿದ ದಿನ ಕಚೇರಿಯ ಬಾಗಿಲೂ ತೆರೆದಂತೆಯೇ.

ಇನ್ನು ಮನೆಯ ತುದಿಗೆ ಬರೋಣ. ಸುರಂಗ ತೆರೆದಿರುವಷ್ಟು ಹೊತ್ತು ನಿಮ್ಮ ಲ್ಯಾಪ್‌ಟಾಪ್ ಕಚೇರಿಯ ಒಂದು ಮೇಜು ಇದ್ದಂತೆ. ಮಗ ಅದರಲ್ಲಿ ಆಟವೊಂದನ್ನು ಇಳಿಸಿಕೊಂಡು, ಆಟದೊಡನೆ ಒಂದು ದುಷ್ಟ ಪ್ರೋಗ್ರಾಮೂ ಬಂದಿದ್ದರೆ, ಅದೂ ಅರಗಿನ ಮುದ್ರೆಯ ಚೀಲದಲ್ಲಿಯೇ ಕಚೇರಿಗೆ ಹೋಗುತ್ತದೆ. ಹಾದಿಯಲ್ಲಿ ಯಾರೂ ಅದನ್ನು ತಡೆಯಲಾರರು. ಕೆಲಸ ಮುಗಿದೊಡನೆ ಸುರಂಗವನ್ನು ಮುಚ್ಚಬೇಕು, ಕಚೇರಿಯ ಲ್ಯಾಪ್‌ಟಾಪನ್ನು ಮನೆಯವರಿಗೆ ಕೊಡಕೂಡದು ಎನ್ನುವುದು ಈ ಕಾರಣಕ್ಕಾಗಿ. ಮಕ್ಕಳ ಮೇಲಿನ ಅಪನಂಬಿಕೆ ಅದರಲ್ಲಿಲ್ಲ.

ಪರದೆಯ ಮೇಲೆ ‘ಕನೆಕ್ಟೆಡ್’ ಎಂದು ಕಂಡಮಾತ್ರಕ್ಕೆ ನಿಮ್ಮ ಪೊಟ್ಟಣಗಳೆಲ್ಲ ಸುರಂಗದಲ್ಲಿ ಹೋಗುತ್ತಿವೆಯೆಂದು ತಿಳಿಯಬಾರದು. ಇದನ್ನು ನೀವೇ ಪರೀಕ್ಷಿಸಬಹುದು. ಕಚೇರಿಯ ಸರ್ವರಿನ ವಿಳಾಸ 10.20.0.5 ಎಂದಿಟ್ಟುಕೊಳ್ಳೋಣ. ವಿಂಡೋಸ್ ಯಂತ್ರದಲ್ಲಿ ಕಮ್ಯಾಂಡ್ ಪ್ರಾಂಪ್ಟನ್ನು ತೆರೆದು ಹೀಗೆ ಬರೆಯಿರಿ:

```
tracert -d 10.20.0.5
```

ಹಾದಿಯಲ್ಲಿ ಪೊಟ್ಟಣ ನಿಲ್ಲುವ ನಿಲ್ದಾಣಗಳನ್ನು ಇದು ಒಂದೊಂದಾಗಿ ತೋರಿಸುತ್ತದೆ. ಸುರಂಗ ಸರಿಯಾಗಿದ್ದರೆ ಉತ್ತರ ಸುಮಾರಾಗಿ ಹೀಗಿರುತ್ತದೆ:

```
1   38 ms   36 ms   37 ms   10.20.0.1
2   39 ms   38 ms   38 ms   10.20.0.5
```

ಮನೆಯ ರೌಟರಿನ ಹೆಸರೇ ಇಲ್ಲಿ ಇಲ್ಲದಿರುವುದನ್ನು ಗಮನಿಸಿ. ಚೀಲದೊಳಗಿನ ಪತ್ರಕ್ಕೆ ನಡುವಿನ ನಿಲ್ದಾಣಗಳು ಕಾಣವು. ಮೊದಲ ನಿಲ್ದಾಣವೇ ಕಚೇರಿಯ ದ್ವಾರ. ಮೊದಲ ಸಾಲಿನಲ್ಲಿಯೇ 192.168.1.1 ಎಂದು, ಅದೂ ಒಂದೆರಡು ಮಿಲಿಸೆಕೆಂಡಿನಲ್ಲಿ ಬಂದರೆ, ಪೊಟ್ಟಣ ಸುರಂಗವನ್ನು ಬಿಟ್ಟು ಮನೆಯ ರೌಟರಿನ ಬಾಗಿಲಿಗೆ ಹೋಯಿತೆಂದು ಅರ್ಥ. ಕೆಲವು ಕಚೇರಿಗಳು ತಮ್ಮ ದ್ವಾರ ಉತ್ತರ ಕೊಡದಂತೆ ಕಟ್ಟಿರುತ್ತವೆ. ಆಗ ಆ ಸಾಲಿನಲ್ಲಿ ನಕ್ಷತ್ರದ ಗುರುತುಗಳು ಬರುವುವು, ಅದಕ್ಕೆ ಗಾಬರಿಯಾಗಬೇಕಿಲ್ಲ.

ಇದೇ ಪರೀಕ್ಷೆಯನ್ನು `tracert -d 8.8.8.8` ಎಂದು ಹೊರಗಿನ ವಿಳಾಸಕ್ಕೆ ಮಾಡಿ ನೋಡಿ. ಆಗ ಮೊದಲ ಸಾಲಿನಲ್ಲಿ ಮನೆಯ ರೌಟರು ಕಂಡರೆ, ನಿಮ್ಮ ಕಚೇರಿ ಇಬ್ಭಾಗದ ಸುರಂಗವನ್ನು ಹಾಕಿಕೊಟ್ಟಿದೆ: ಕಚೇರಿಗೆ ಹೋಗುವುದು ಮಾತ್ರ ಒಳಹಾದಿಯಲ್ಲಿ, ಉಳಿದುದೆಲ್ಲ ಬಯಲಹಾದಿಯಲ್ಲಿ. ಇದು ತಪ್ಪೇನೂ ಅಲ್ಲ. ದ್ವಾರದ ಮೇಲಿನ ಭಾರ ಕಡಿಮೆಯಾಗಲೆಂದು ಅನೇಕರು ಹೀಗೆ ಮಾಡುತ್ತಾರೆ. ಆದರೆ ಬಸ್‌ನಿಲ್ದಾಣದ ವೈ-ಫೈಯಲ್ಲಿ ಕುಳಿತು ‘ವಿ.ಪಿ.ಎನ್. ಹಾಕಿದ್ದೇನೆ, ಎಲ್ಲವೂ ಗುಟ್ಟು’ ಎಂದುಕೊಳ್ಳುವವರಿಗೆ ಇದು ತಿಳಿದಿರಬೇಕು. ವಿಳಾಸದ ಮೊದಲಲ್ಲಿ https ಎಂದಿರುವ ಪುಟಗಳಲ್ಲಿ ನೀವು ಬರೆಯುವುದು ಆಗಲೂ ಗೂಢಲಿಪಿಯಲ್ಲಿಯೇ ಹೋಗುತ್ತದೆ. ನೀವು ಯಾವ ಪುಟಕ್ಕೆ ಹೋದಿರೆಂಬುದು ಮಾತ್ರ ನಡುವಿನವರಿಗೆ ಬಹುಮಟ್ಟಿಗೆ ತಿಳಿಯುತ್ತದೆ.

ನಮ್ಮ ಕಡೆ ವಿಶೇಷವಾಗಿ ಕಾಡುವುದು ಕರೆಂಟು. ವಿದ್ಯುತ್ತು ಹೋದೊಡನೆ ರೌಟರು ಸತ್ತು, ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ನಾವು ಕೂಡಲೆ ಮೊಬೈಲಿನ ಹಾಟ್‌ಸ್ಪಾಟಿಗೆ ದಾಟುತ್ತೇವೆ. ಕೆಲವು ವಿ.ಪಿ.ಎನ್.ಗಳು ಹಾದಿ ಬದಲಾದರೂ ತಾವೇ ಮತ್ತೆ ಕೂಡಿಕೊಳ್ಳುತ್ತವೆ. ಕೆಲವು ಸದ್ದಿಲ್ಲದೆ ಕಳಚಿಕೊಳ್ಳುತ್ತವೆ. ಕಳಚಿದಾಗ ಹೊರಹಾದಿಯನ್ನು ಪೂರ್ತಿಯಾಗಿ ಮುಚ್ಚುವ ‘ಕಿಲ್ ಸ್ವಿಚ್’ ಎಂಬ ಏರ್ಪಾಡು ಇದ್ದರೆ ಅದನ್ನು ಹಾಕಿಡತಕ್ಕದ್ದು. ಇಲ್ಲವಾದರೆ ಕರೆಂಟು ಹೋಗಿ ಬಂದಾಗಲೆಲ್ಲ ಮೇಲಿನ ಒಂದು ಸಾಲನ್ನು ಬರೆದು ನೋಡಿರಿ.

ಬಾದಾಮಿಯಲ್ಲಿ ಬಂಧುವೊಬ್ಬರ ಮನೆಯಲ್ಲಿದ್ದಾಗ ನಾನೇ ಪೇಚಿಗೆ ಸಿಕ್ಕಿದ ಸಂಗತಿಯೊಂದನ್ನು ಹೇಳುತ್ತೇನೆ. ಸುರಂಗ ಕೂಡಿಕೊಂಡಿತು, ‘ಕನೆಕ್ಟೆಡ್’ ಎಂದು ಹಸಿರು ಗುರುತೂ ಬಂದಿತು. ಆದರೆ ಕಚೇರಿಯ ಕಡತಗಳಿರುವ ಸರ್ವರು ಸಿಗಲೊಲ್ಲದು. ಅರ್ಧ ದಿನ ಹೋಯಿತು. ಕಡೆಗೆ ತಿಳಿದ ಕಾರಣ ಇದು: ಆ ಕಚೇರಿಯ ಸರ್ವರಿನ ವಿಳಾಸ 192.168.1.20, ಆ ಮನೆಯ ರೌಟರು ಹಂಚುತ್ತಿದ್ದ ವಿಳಾಸಗಳೂ 192.168.1 ಎಂದೇ ಮೊದಲಾಗುತ್ತಿದ್ದುವು. ‘20ನೆಯ ಮನೆ’ ಎಂದಾಗ ಲ್ಯಾಪ್‌ಟಾಪ್ ತನ್ನ ಓಣಿಯಲ್ಲಿಯೇ ಅದನ್ನು ಹುಡುಕುತ್ತಿತ್ತು. ಒಂದೇ ಸಂಖ್ಯೆಯ ಮನೆ ಎರಡು ಊರುಗಳಲ್ಲಿಯೂ ಇರುವಂತೆ. ರೌಟರಿನ ಪುಟವನ್ನು ತೆರೆದು, ಮನೆಯ ವಿಳಾಸವನ್ನು 192.168.77.1 ಎಂದು ಬದಲಿಸಿ, ರೌಟರನ್ನು ಆರಿಸಿ ಹಚ್ಚಿದ ಮೇಲೆ ಎಲ್ಲವೂ ಸರಿಹೋಯಿತು.

ದೋಷ ಸಣ್ಣದು. ನಾನು ಇದನ್ನು ಹೇಳುವುದು ಬೇರೆ ಕಾರಣಕ್ಕಾಗಿ. ಆ ಅರ್ಧ ದಿನದಲ್ಲಿ ನನ್ನ ಮನಸ್ಸಿನಲ್ಲಿ ಏನು ಬಂದಿತು ಬಲ್ಲಿರಾ? ‘ಹಾಳಾಗಲಿ, ಆ ಪಟ್ಟಿಯನ್ನು ವಾಟ್ಸಪ್ಪಿನಲ್ಲಿ ಕಳುಹಿಸಿಬಿಡಿ ಎಂದು ಕಚೇರಿಯಲ್ಲಿರುವ ಗೆಳೆಯನಿಗೆ ಹೇಳಿಬಿಡೋಣ’ ಎಂದು. ಅದರಲ್ಲಿ ನೂರಾರು ಜನರ ಹೆಸರು, ಖಾತೆಯ ಸಂಖ್ಯೆಗಳಿದ್ದುವು. ನನ್ನ ಅನುಭವದಲ್ಲಿ ಜನ ಸುರಂಗವನ್ನು ಬಿಟ್ಟು ಹೋಗುವುದು ದುರುದ್ದೇಶದಿಂದ ಬಹು ವಿರಳ. ಅದು ಕೆಲಸ ಮಾಡದಿದ್ದಾಗ, ಸಂಜೆಯೊಳಗೆ ಲೆಕ್ಕ ಒಪ್ಪಿಸಬೇಕಾದಾಗ ಹೀಗೆ ನಡೆಯುತ್ತದೆ. ಅಂಥ ಹೊತ್ತಿನಲ್ಲಿ ಮೇಲಧಿಕಾರಿಗಳು ‘ನಾಳೆ ಕೊಡಿ, ಚಿಂತೆಯಿಲ್ಲ’ ಎನ್ನಬೇಕು. ಈ ಮಾತು ಮುಂದಿನ ಸಾಲಿನಲ್ಲಿ ಕುಳಿತವರಿಗೆ.

ಹಲವರು ಮೊಬೈಲಿನಲ್ಲಿ ಬಿಟ್ಟಿಯಾಗಿ ದೊರೆಯುವ ವಿ.ಪಿ.ಎನ್. ಆ್ಯಪುಗಳನ್ನು ಹಾಕಿಕೊಂಡು ಅದೂ ಇದೂ ಒಂದೇ ಎಂದುಕೊಂಡಿದ್ದಾರೆ. ಹೆಸರೊಂದೇ, ಕೆಲಸ ಬೇರೆ. ಕಚೇರಿಯ ಸುರಂಗದ ಆಚೆ ತುದಿ ಕಚೇರಿಯ ಕೈಯಲ್ಲಿದೆ. ಆ ಆ್ಯಪಿನ ಸುರಂಗದ ಆಚೆ ತುದಿ ಅದನ್ನು ನಡೆಸುವ ಅಪರಿಚಿತರ ಕೈಯಲ್ಲಿದೆ, ಚೀಲ ಬಿಚ್ಚುವವರು ಅವರೇ. 2022ನೆಯ ಏಪ್ರಿಲ್ 28ರಂದು ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆ, ಇಂಥ ಸೇವೆಗಳನ್ನು ಜನರಿಗೆ ಮಾರುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಂಡಿರಬೇಕೆಂದು ಆಜ್ಞೆ ಮಾಡಿತು. ಕಚೇರಿಗಳು ತಮ್ಮ ನೌಕರರಿಗಾಗಿ ನಡೆಸುವ ವಿ.ಪಿ.ಎನ್.ಗಳಿಗೆ ಇದು ಅನ್ವಯಿಸುವುದಿಲ್ಲವೆಂದು ಬಳಿಕ ವಿವರಿಸಿತು.

ಅದೇ ಆಜ್ಞೆಯಲ್ಲಿ ನಿಮಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಅಂಶವಿದೆ. ಅನಧಿಕೃತ ಪ್ರವೇಶ, ಸುಳ್ಳು ಪುಟದ ವಂಚನೆ ಮೊದಲಾದುವು ನಡೆದುದು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಸಂಸ್ಥೆಯು ಸರ್ಟ್-ಇನ್‌ಗೆ ವರದಿ ಮಾಡಬೇಕು. ನೀವು ಮಧ್ಯಾಹ್ನ ಎರಡು ಗಂಟೆಗೆ ಸುಳ್ಳು ಪುಟದಲ್ಲಿ ಪಾಸ್‌ವರ್ಡು ಬರೆದಿರಿ. ಎರಡೂಕಾಲಿಗೆ ಸಂದೇಹ ಬಂದಿತು. ನಾಚಿಕೆಯಿಂದ ಮರುದಿನದವರೆಗೆ ಸುಮ್ಮನಿದ್ದಿರಿ ಎನ್ನೋಣ. ಎರಡೂಕಾಲಿಗೇ ತಿಳಿಸಿದ್ದರೆ ಖಾತೆಯನ್ನು ಮುಚ್ಚಿ, ತೆರೆದಿರುವ ಸುರಂಗವನ್ನು ಕಡಿದು ಹಾಕಲು ಐದು ನಿಮಿಷ ಸಾಕು. ಪಾಸ್‌ವರ್ಡು ಬದಲಿಸಿದರಷ್ಟೇ ಸಾಲದು ಎಂಬುದನ್ನೂ ಗಮನಿಸಿ: ವಂಚಕನು ಆಗಲೇ ಒಳಗಿದ್ದರೆ, ಅವನ ಸುರಂಗವನ್ನು ಕಡಿಯುವವರೆಗೆ ಅನೇಕ ಪದ್ಧತಿಗಳಲ್ಲಿ ಅವನು ಒಳಗೇ ಇರುತ್ತಾನೆ. ಕಡಿಯುವ ಗುಂಡಿ ಇರುವುದು ಕಚೇರಿಯಲ್ಲಿ, ನಿಮ್ಮ ಮನೆಯಲ್ಲಲ್ಲ. ಟ್ವಿಟರಿನಲ್ಲಿಯೂ ಆ ಕರೆಗಳನ್ನು ಸಂದೇಹಿಸಿ ಒಡನೆಯೇ ತಮ್ಮ ಸಂಸ್ಥೆಗೆ ತಿಳಿಸಿದ ನೌಕರರು ಕೆಲವರಿದ್ದರು.

ಭಾಷಣದ ಬಳಿಕ ಹುನಗುಂದದಿಂದ ಬಂದಿದ್ದ ಸೋದರಿಯೊಬ್ಬರು ಕೇಳಿದರು: ‘ಸರ್, ಸಂದೇಹ ಬಂದು ಫೋನು ಮಾಡಿದೆ, ಆಮೇಲೆ ನೋಡಿದರೆ ಏನೂ ಆಗಿಲ್ಲ ಅಂದರೆ? ಎಲ್ಲರೂ ನಗುವುದಿಲ್ಲವೇ?’ ನಾನು ಉತ್ತರ ಕೊಡುವ ಮೊದಲೇ ಅವರ ಐ.ಟಿ. ವಿಭಾಗದ ಹಿರಿಯರು ಎದ್ದು ನಿಂತು, ಗೋಡೆಯ ಮೇಲಿನ ಫಲಕದಲ್ಲಿ ತಮ್ಮ ಮೊಬೈಲು ಸಂಖ್ಯೆಯನ್ನು ಬರೆದರು. ಎಲ್ಲರೂ ಅದನ್ನು ಕಾಗದದ ಮೇಲೆ ಬರೆದುಕೊಂಡರು. ಮೊಬೈಲಿನಲ್ಲಿ ಅಲ್ಲ, ಅದೂ ಕೆಟ್ಟರೆ ಬೇಕಲ್ಲವೆ ಎಂದು ಅವರೇ ಹಾಗೆ ಸೂಚಿಸಿದ್ದರು.